ಪುಡಿ ಎರಚುವ ಮೊದಲು ಮರಳನ್ನು ಅಗೆದು ನೋಡಿ: ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳ ಬಗ್ಗೆ

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಹೊರಗೆ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ ಎಂಬ ಎರಡು ಹಡಗುಗಳು ಡಿಕ್ಕಿ ಹೊಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಚಿತ್ರಾ ಒಂದು ಬದಿಗೆ ವಾಲಿತು. ಮೇಲಿದ್ದ ಕಂಟೇನರುಗಳು ಒಂದೊಂದಾಗಿ ನೀರಿಗೆ ಉರುಳಿದವು. ಇಂಧನದ ಟ್ಯಾಂಕಿನಿಂದ ಸುಮಾರು 800 ಟನ್ ಎಣ್ಣೆ ಸೋರಿತು. ಮಳೆಗಾಲದ ಕಡಲಿನಲ್ಲಿ ತೇಲುವ ಎಣ್ಣೆಯನ್ನು ಬೇಲಿ ಕಟ್ಟಿ ಹಿಡಿಯುವುದು ಕಷ್ಟ. ಹಾಗಾಗಿ ಅದರಲ್ಲಿ ಒಂದಷ್ಟು ಉರಣ್, ಎಲಿಫೆಂಟಾ, ಅಲಿಬಾಗ್ ಕಡೆಯ ದಡಗಳಿಗೂ ಕಾಂಡ್ಲಾ ಕಾಡುಗಳಿಗೂ ಬಂದು ಅಂಟಿಕೊಂಡಿತು. ದಡವನ್ನು ಶುಚಿಮಾಡಲು ಆಗ ಬಳಸಿದ ಉಪಾಯಗಳಲ್ಲಿ ದೆಹಲಿಯ ಟೆರಿ ಸಂಸ್ಥೆ ಸಿದ್ಧಪಡಿಸಿದ ಆಯಿಲ್‌ಜ್ಯಾಪರ್ ಕೂಡ ಒಂದು. ಅದು ಎಣ್ಣೆಯನ್ನು ಒಡೆಯುವ ಬ್ಯಾಕ್ಟೀರಿಯಾಗಳ ಮಿಶ್ರಣ. ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಅವನ್ನು ನೆಲೆಗೊಳಿಸಿ ಪೊಟ್ಟಣ ಕಟ್ಟುತ್ತಾರೆ.

ಅಂದಿನಿಂದ ನಾನು ಎಲ್ಲಿ ಈ ವಿಷಯ ಮಾತನಾಡಿದರೂ ಮೊದಲು ಬರುವ ಪ್ರಶ್ನೆ ಆ ಪುಡಿಯ ಬಗ್ಗೆಯೇ. ಪುಡಿ ಎರಚಿದರೆ ಎಣ್ಣೆ ಮಾಯವಾಗುತ್ತದೆಯೇ? ಹಾಗಾದರೆ ಪ್ರತಿ ಬಂದರಿನಲ್ಲೂ ಮೂಟೆಗಟ್ಟಲೆ ಇಟ್ಟುಕೊಳ್ಳಬಾರದೇಕೆ? ಇಂದು ನಾನು ಹೇಳಬೇಕಾದದ್ದು ಇಷ್ಟೇ: ಸಮುದ್ರದ ದಡದಲ್ಲಿ ಸಾಮಾನ್ಯವಾಗಿ ಕೊರತೆ ಇರುವುದು ಬ್ಯಾಕ್ಟೀರಿಯಾಗಳದ್ದಲ್ಲ. ಕೊರತೆ ಇರುವುದು ಅವುಗಳಿಗೆ ಬೇಕಾದ ಸಾರಜನಕ, ರಂಜಕ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಆಮ್ಲಜನಕದ್ದು. ಇದನ್ನು ತಿಳಿಯದೆ ಮಾಡಿದ ಕೆಲಸದಲ್ಲಿ ಹಣವೂ ಹೋಗುತ್ತದೆ, ಎಣ್ಣೆಯೂ ಉಳಿಯುತ್ತದೆ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ಕಡಲಿನಲ್ಲಿ ಸದಾ ಇರುತ್ತವೆ. ಸಮುದ್ರತಳದ ಬಿರುಕುಗಳಿಂದ ಎಣ್ಣೆ ಲಕ್ಷಾಂತರ ವರ್ಷಗಳಿಂದ ಜಿನುಗುತ್ತಲೇ ಬಂದಿದೆ. ಅದನ್ನೇ ಆಹಾರ ಮಾಡಿಕೊಂಡ ಜೀವಿಗಳು ಎಂದೋ ಹುಟ್ಟಿಕೊಂಡಿವೆ. ಅವುಗಳಲ್ಲಿ ಒಂದಕ್ಕೆ ಅಲ್ಕಾನಿವೊರಾಕ್ಸ್ ಬೊರ್ಕುಮೆನ್ಸಿಸ್ ಎಂದು ಹೆಸರು. ಉತ್ತರ ಸಮುದ್ರದ ಬೊರ್ಕುಮ್ ದ್ವೀಪದ ಹತ್ತಿರ ಸಿಕ್ಕಿದ ಇದನ್ನು ವಿಜ್ಞಾನಿಗಳು 1998ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಸಕ್ಕರೆಯನ್ನು ಇದು ಬಹುಮಟ್ಟಿಗೆ ಮುಟ್ಟುವುದಿಲ್ಲ. ಎಣ್ಣೆಯಲ್ಲಿರುವ ನೇರ ಸರಪಳಿಯ ಹೈಡ್ರೋಕಾರ್ಬನ್‌ಗಳೇ ಇದರ ಮುಖ್ಯ ಆಹಾರ. ಶುದ್ಧ ನೀರಿನಲ್ಲಿ ಇದರ ಸಂಖ್ಯೆ ತೀರಾ ಕಡಿಮೆ. ಎಣ್ಣೆ ಬಿದ್ದರೆ ಕೆಲವೇ ದಿನಗಳಲ್ಲಿ ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಇದೇ ಮುಂದಾಗಬಹುದು. ಉಂಗುರ ಆಕಾರದ ಅಣುಗಳನ್ನು, ಎಂದರೆ ನ್ಯಾಫ್ತಲೀನ್‌ನಂಥವನ್ನು, ಒಡೆಯುವುದು ಬೇರೆ ಗುಂಪಿನ ಕೆಲಸ. ಸೈಕ್ಲೋಕ್ಲಾಸ್ಟಿಕಸ್ ಅದರಲ್ಲಿ ಮುಖ್ಯವಾದದ್ದು.

ಒಡೆಯುವ ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ, ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಅದು ಮೊದಲು ಎಣ್ಣೆ ಮತ್ತು ನೀರು ಕೂಡುವ ಗಡಿಗೆ ಬಂದು ಅಂಟಿಕೊಳ್ಳುತ್ತದೆ. ಸಾಬೂನಿನ ಗುಣದ ವಸ್ತುವೊಂದನ್ನು ಸ್ರವಿಸಿ ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಹನಿ ಸಣ್ಣದಾದಷ್ಟೂ ಮೇಲ್ಮೈ ಹೆಚ್ಚು, ಕೂರಲು ಜಾಗ ಹೆಚ್ಚು. ಆಮೇಲೆ ಒಂದು ಕಿಣ್ವ ಹೈಡ್ರೋಕಾರ್ಬನ್ ಸರಪಳಿಯ ತುದಿಗೆ ಆಮ್ಲಜನಕದ ಒಂದು ಪರಮಾಣುವನ್ನು ಸೇರಿಸುತ್ತದೆ. ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಅದಾದ ಮೇಲೆ ಸರಪಳಿ ಕೊಬ್ಬಿನ ಆಮ್ಲವಾಗಿ ಬದಲಾಗುತ್ತದೆ. ಅದನ್ನು ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಿಕೊಂಡು ತಿನ್ನುವುದು ಯಾವ ಜೀವಕೋಶಕ್ಕೂ ಹೊಸ ವಿದ್ಯೆಯಲ್ಲ, ನಮ್ಮ ದೇಹದಲ್ಲೂ ಅದು ಪ್ರತಿದಿನ ನಡೆಯುತ್ತದೆ. ಆದರೆ ಮೊದಲ ಹೆಜ್ಜೆಗೆ ಆಮ್ಲಜನಕ ಬೇಕೇಬೇಕು. ಆಮ್ಲಜನಕವಿಲ್ಲದೆ ಬೇರೆ ದಾರಿಯಲ್ಲಿ ಎಣ್ಣೆಯನ್ನು ಒಡೆಯುವ ಬ್ಯಾಕ್ಟೀರಿಯಾಗಳೂ ಉಂಟು. ಅವುಗಳ ಕೆಲಸ ಬಹಳ ನಿಧಾನ.

ಇನ್ನು ಸಾರಜನಕ ಮತ್ತು ರಂಜಕದ ಮಾತು. ಎಣ್ಣೆಯಲ್ಲಿ ಇಂಗಾಲ ಮತ್ತು ಜಲಜನಕ ಧಾರಾಳವಾಗಿವೆ, ಉಳಿದದ್ದು ಅತ್ಯಲ್ಪ. ಬೇಳೆ, ತರಕಾರಿ ಏನೂ ಇಲ್ಲದೆ ಬರೀ ತುಪ್ಪ ಕೊಟ್ಟು ಮಗುವನ್ನು ಬೆಳೆಸಿ ಎಂದ ಹಾಗೆ ಇದು. ಬ್ಯಾಕ್ಟೀರಿಯಾ ಹೊಸ ಕೋಶ ಕಟ್ಟಬೇಕಾದರೆ ಪ್ರೋಟೀನಿಗೆ ಸಾರಜನಕ ಬೇಕು, ಡಿಎನ್‌ಎಗೆ ರಂಜಕ ಬೇಕು. ಸಮುದ್ರದ ನೀರಿನಲ್ಲಿ ಇವು ಇದ್ದರೂ ರಾಶಿ ಬಿದ್ದ ಎಣ್ಣೆಗೆ ಸಾಲುವಷ್ಟು ಇರುವುದಿಲ್ಲ.

ಈಗ ಒಂದು ಲೆಕ್ಕ ಹಾಕೋಣ. ಉರಣ್ ಕಡೆಯ ಮರಳು ದಡದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ತುಂಡು ಜಾಗವನ್ನು ಊಹಿಸಿಕೊಳ್ಳಿ. ಎಣ್ಣೆ 10 ಸೆಂಟಿಮೀಟರ್ ಆಳದವರೆಗೆ ಇಳಿದಿದೆ. ಅಲ್ಲಿಗೆ 10 ಘನ ಮೀಟರ್ ಮರಳು, ತೂಕ ಸುಮಾರು 16 ಟನ್. ಒಂದು ಕಿಲೋ ಮರಳಿಗೆ 5 ಗ್ರಾಂ ಎಣ್ಣೆ ಅಂಟಿದೆ ಎಂದಿಟ್ಟುಕೊಂಡರೆ ಒಟ್ಟು 80 ಕಿಲೋ ಎಣ್ಣೆಯಾಯಿತು. ಅದರಲ್ಲಿ ಸುಮಾರು 68 ಕಿಲೋ ಇಂಗಾಲ. 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಎಂಬುದು ಈ ಕೆಲಸದಲ್ಲಿ ರೂಢಿಯಲ್ಲಿರುವ ಅಂದಾಜು. ಅದರಂತೆ 7 ಕಿಲೋಗೆ ಸ್ವಲ್ಪ ಕಡಿಮೆ ಸಾರಜನಕ, 700 ಗ್ರಾಂನಷ್ಟು ರಂಜಕ ಬೇಕು. ಊರಿನ ಗೊಬ್ಬರದ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಹದಿಮೂರು ಹದಿನಾಲ್ಕು ಕಿಲೋ ಯೂರಿಯಾ, ಮೂರೂವರೆ ಕಿಲೋ ಡಿಎಪಿ. ಇದೇನೂ ಭಾರೀ ಮೊತ್ತವಲ್ಲ.

ಆಮ್ಲಜನಕದ ಲೆಕ್ಕ ಹಾಕಿದಾಗ ಮಾತ್ರ ಎದೆ ಝಲ್ಲೆನ್ನುತ್ತದೆ. ಒಂದು ಕಿಲೋ ಎಣ್ಣೆ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಬೇಕಾದರೆ ಸುಮಾರು ಮೂರೂವರೆ ಕಿಲೋ ಆಮ್ಲಜನಕ ಬೇಕು. 80 ಕಿಲೋಗೆ 280 ಕಿಲೋ. ಮುಂಬಯಿಯ ಬೆಚ್ಚಗಿನ ಸಮುದ್ರದ ನೀರಿನಲ್ಲಿ ಒಂದು ಲೀಟರಿಗೆ ಹೆಚ್ಚೆಂದರೆ 6 ಮಿಲಿಗ್ರಾಂನಷ್ಟು ಆಮ್ಲಜನಕ ಕರಗಿರುತ್ತದೆ. ಅಂದರೆ ಇಷ್ಟು ಚಿಕ್ಕ ಜಾಗದ ಎಣ್ಣೆ ಬರೀ ನೀರಿನಿಂದ ಆಮ್ಲಜನಕ ಪಡೆಯಬೇಕಾದರೆ ನಾಲ್ಕೂವರೆ ಕೋಟಿ ಲೀಟರಿಗೂ ಹೆಚ್ಚು ನೀರು ಆ ಮರಳಿನ ಮೂಲಕ ಹಾದುಹೋಗಬೇಕು. ಇಂಗಾಲದ ಒಂದು ಭಾಗ ಹೊಸ ಕೋಶಗಳಿಗೆ ಹೋಗುವುದರಿಂದ ಇದರ ಅರ್ಧ ಎಂದರೂ ಎರಡು ಕೋಟಿ ದಾಟುತ್ತದೆ. ಅದೇ 280 ಕಿಲೋ ಆಮ್ಲಜನಕ 1000 ಘನ ಮೀಟರ್ ಗಾಳಿಯಲ್ಲಿ ಇದೆ. ಇಳಿತದ ಹೊತ್ತಿನಲ್ಲಿ ಮರಳಿನ ಸಂದುಗಳಿಂದ ನೀರು ಬಸಿದು ಅಲ್ಲಿಗೆ ಗಾಳಿ ನುಗ್ಗುವುದು ಎಷ್ಟು ಮುಖ್ಯ ಎಂಬುದು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಕಾಣುವ ನಮ್ಮ ಈ ಕರಾವಳಿಯಲ್ಲಿ ಒರಟು ಮರಳಿನ ದಡ ತಾನಾಗಿಯೇ ಉಸಿರಾಡುತ್ತದೆ. ಕೆಸರು ಉಸಿರಾಡುವುದಿಲ್ಲ.

ಗೊಬ್ಬರ ಅಗ್ಗವೆಂದು ಒಂದೇ ಸಲ ಸುರಿಯುವಂತೆಯೂ ಇಲ್ಲ. ಯೂರಿಯಾ ನೀರಿನಲ್ಲಿ ಕರಗಿ ಒಂದೆರಡು ಉಬ್ಬರಗಳಲ್ಲೇ ಕೊಚ್ಚಿಹೋಗುತ್ತದೆ. ಹೆಚ್ಚಾದರೆ ಅಮೋನಿಯಾ ಆಗಿ ಮೀನಿನ ಮರಿಗಳಿಗೂ ಸಿಗಡಿಗೂ ವಿಷವಾಗುತ್ತದೆ. ಆದ್ದರಿಂದ ನಿಧಾನವಾಗಿ ಕರಗುವ ಹರಳು ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಬಾರಿ ಹಾಕಬೇಕು. ಎಷ್ಟು, ಯಾವಾಗ ಎಂಬುದನ್ನು ತಿಳಿಯಲು ಇಳಿತದ ಸಮಯದಲ್ಲಿ ಮರಳಿನಲ್ಲಿ ಗುಂಡಿ ತೋಡಿ, ಅಲ್ಲಿ ಒಸರುವ ನೀರನ್ನು ತೆಗೆದು ಸಾರಜನಕ ಅಳೆಯುತ್ತಾರೆ. ಲೀಟರಿಗೆ 2ರಿಂದ 10 ಮಿಲಿಗ್ರಾಂ ಇದ್ದರೆ ಬ್ಯಾಕ್ಟೀರಿಯಾಗಳಿಗೆ ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೂ ಅವು ಹೆಚ್ಚು ವೇಗವಾಗಿ ತಿನ್ನುವುದಿಲ್ಲ.

ಈ ವಿದ್ಯೆಯನ್ನು ಜಗತ್ತು ದೊಡ್ಡ ಪ್ರಮಾಣದಲ್ಲಿ ಕಲಿತದ್ದು ಅಲಾಸ್ಕಾದಲ್ಲಿ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ತಾಗಿ ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾ ತೈಲ ಚೆಲ್ಲಿತು. ಅಲ್ಲಿ ದಡಕ್ಕೆ ಹೊರಗಿನ ಬ್ಯಾಕ್ಟೀರಿಯಾ ತರುವ ಬದಲು ಎರಡು ಬಗೆಯ ಗೊಬ್ಬರ ಹಾಕಿದರು. ಒಂದು ಎಣ್ಣೆಗೆ ಅಂಟಿಕೊಳ್ಳುವ ಇನಿಪೋಲ್ ಎಂಬ ದ್ರವ, ಇನ್ನೊಂದು ನಿಧಾನವಾಗಿ ಕರಗುವ ಕಸ್ಟಂಬ್ಲೆನ್ ಎಂಬ ಹರಳು. ಎರಡು ಮೂರು ವಾರಗಳಲ್ಲಿ ಗೊಬ್ಬರ ಹಾಕಿದ ದಡದ ಕಲ್ಲುಗಳು ಕಣ್ಣಿಗೆ ಕಾಣುವಷ್ಟು ಬೆಳ್ಳಗಾದವು. ಆಗ ಒಂದು ನ್ಯಾಯವಾದ ಸಂಶಯ ಎದ್ದಿತು: ಬ್ಯಾಕ್ಟೀರಿಯಾ ತಿಂದಿತೋ, ಅಥವಾ ದ್ರವವೇ ಎಣ್ಣೆಯನ್ನು ತೊಳೆದು ಸಮುದ್ರಕ್ಕೆ ತಳ್ಳಿತೋ? ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಇದಕ್ಕೆ ಉತ್ತರ ಕೊಟ್ಟದ್ದು ಎಣ್ಣೆಯಲ್ಲೇ ಇರುವ ಹೋಪೇನ್ ಎಂಬ ಅಣು. ಇದನ್ನು ನಾನು ಈ ಕ್ಷೇತ್ರದ ಅತ್ಯಂತ ಸುಂದರ ಉಪಾಯವೆಂದು ಎಣಿಸುತ್ತೇನೆ. ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಬ್ಯಾಕ್ಟೀರಿಯಾಗಳ ಕೋಶಪೊರೆಯ ಅವಶೇಷ ಅದು. ಐದು ಉಂಗುರಗಳ ಈ ಅಣುವನ್ನು ಇಂದಿನ ಬ್ಯಾಕ್ಟೀರಿಯಾಗಳು ಸುಲಭಕ್ಕೆ ಜೀರ್ಣಿಸಿಕೊಳ್ಳಲಾರವು. ಎಣ್ಣೆ ಅಲೆಗೆ ಸಿಕ್ಕಿ ತೊಳೆದುಹೋದರೆ ಹೋಪೇನ್ ಕೂಡ ಅದರ ಜೊತೆಗೇ ಹೋಗುತ್ತದೆ, ಇವೆರಡರ ಪ್ರಮಾಣ ಬದಲಾಗುವುದಿಲ್ಲ. ಬ್ಯಾಕ್ಟೀರಿಯಾ ತಿಂದರೆ ಉಳಿದ ಎಣ್ಣೆಯಲ್ಲಿ ತಿನ್ನಬಲ್ಲ ಅಂಶ ಕಡಿಮೆಯಾಗಿ ಹೋಪೇನಿನ ಪಾಲು ಏರುತ್ತದೆ. ಉದಾಹರಣೆಗೆ, ಮೊದಲ ದಿನ ಹೋಪೇನಿನ ಒಂದು ಪಾಲಿಗೆ 100 ಪಾಲು ಹೈಡ್ರೋಕಾರ್ಬನ್ ಇತ್ತೆನ್ನಿ. ಎರಡು ತಿಂಗಳ ನಂತರ ಗೊಬ್ಬರ ಹಾಕದ ಜಾಗದಲ್ಲಿ ಅದು 80ಕ್ಕೆ, ಹಾಕಿದ ಜಾಗದಲ್ಲಿ 45ಕ್ಕೆ ಇಳಿದಿದ್ದರೆ ಆ 35 ಪಾಲಿನ ವ್ಯತ್ಯಾಸವೇ ನಮ್ಮ ಕೆಲಸದ ಫಲ. 80ಕ್ಕೆ ಇಳಿದದ್ದು ನಿಸರ್ಗ ತಾನೇ ಮಾಡಿಕೊಂಡದ್ದು. ಗೊಬ್ಬರ ಹಾಕದೆ ಬಿಟ್ಟ ಜಾಗ ಪಕ್ಕದಲ್ಲಿ ಇರದಿದ್ದರೆ ಇಡೀ 55 ಪಾಲನ್ನೂ ನಾವೇ ಮಾಡಿದೆವೆಂದು ವರದಿ ಬರೆಯುವುದು ಬಹಳ ಸುಲಭ. ಅಂಥ ವರದಿಗಳನ್ನು ನಾನು ಓದಿದ್ದೇನೆ, ಓದಿ ಬೇಸರಪಟ್ಟಿದ್ದೇನೆ. ಅಲಾಸ್ಕಾದಲ್ಲಿ ಪಕ್ಕದ ಜಾಗ ಇಟ್ಟುಕೊಂಡೇ ಅಳೆದರು. ಗೊಬ್ಬರದಿಂದ ವೇಗ ಹೆಚ್ಚಿದ್ದು ನಿಜವೆಂದು ಅಲ್ಲಿ ರುಜುವಾತಾಯಿತು.

ಆ ದಡಗಳಲ್ಲಿ ಮೇಲ್ಭಾಗ ಶುಚಿಯಾದರೂ ಕೆಲವೆಡೆ ಕಲ್ಲಿನ ಪದರದ ಕೆಳಗೆ ಹೂತುಹೋದ ಎಣ್ಣೆ ಇಪ್ಪತ್ತು ವರ್ಷ ಕಳೆದರೂ ಹಾಗೆಯೇ ಉಳಿದಿತ್ತು. ಅಗೆದರೆ ಹೊಸ ಎಣ್ಣೆಯ ವಾಸನೆಯೇ ಬರುತ್ತಿತ್ತು. ಕೆಳಗಿನ ಪದರಕ್ಕೆ ಆಮ್ಲಜನಕ ಇಳಿಯುತ್ತಿರಲಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣ.

ಹೊರಗಿನ ಬ್ಯಾಕ್ಟೀರಿಯಾ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ನೇರವಾಗಿ ಪರೀಕ್ಷಿಸಿದ್ದೂ ಉಂಟು. 1994ರಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಯ ದಡದಲ್ಲಿ ಬೇಕೆಂದೇ ಎಣ್ಣೆ ಸುರಿದು, ಕೆಲವು ತುಂಡುಗಳನ್ನು ಹಾಗೆಯೇ ಬಿಟ್ಟು, ಕೆಲವಕ್ಕೆ ಬರೀ ಪೋಷಕಾಂಶ ಹಾಕಿ, ಇನ್ನು ಕೆಲವಕ್ಕೆ ಪೋಷಕಾಂಶದ ಜೊತೆಗೆ ಬ್ಯಾಕ್ಟೀರಿಯಾಗಳನ್ನೂ ಹಾಕಿ ನೋಡಿದರು. ಬ್ಯಾಕ್ಟೀರಿಯಾ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆ ನೀರಿನಲ್ಲಿ ಸಾರಜನಕ ಮೊದಲೇ ಸಾಕಷ್ಟಿದ್ದುದರಿಂದ ಗೊಬ್ಬರದ ಲಾಭವೂ ಅಷ್ಟಕ್ಕಷ್ಟೇ ಆಯಿತು. ಮುಂಬಯಿಗೆ ಇದು ಗಮನಿಸಬೇಕಾದ ಸಂಗತಿ. ನಮ್ಮ ಖಾಡಿಗಳಿಗೆ ಊರಿನ ಚರಂಡಿ ನೀರು ಬಂದು ಸೇರುತ್ತದೆ, ಅದರಲ್ಲಿ ಸಾರಜನಕಕ್ಕೆ ಬರವಿಲ್ಲ. ಠಾಣೆ ಖಾಡಿಯ ಅಂಚಿನಲ್ಲಿ ಗೊಬ್ಬರ ಹಾಕುವ ಮೊದಲು ನೀರನ್ನು ಅಳೆದು ನೋಡದವರು ಈಗಾಗಲೇ ಕೊಳೆತ ನೀರನ್ನು ಇನ್ನಷ್ಟು ಕೆಡಿಸಬಹುದು.

ಇಲ್ಲಿ ಆನಂದ ಮೋಹನ್ ಚಕ್ರವರ್ತಿಯವರ ಹೆಸರನ್ನು ಹೇಳಲೇಬೇಕು. ಬಂಗಾಳದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಈ ವಿಜ್ಞಾನಿ, ಬೇರೆ ಬೇರೆ ಹೈಡ್ರೋಕಾರ್ಬನ್ ಒಡೆಯುವ ಗುಣವನ್ನು ಹೊತ್ತ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಗಳನ್ನು ಒಂದೇ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದಲ್ಲಿ ಸೇರಿಸಿದರು. ಅದರ ಪೇಟೆಂಟ್ ವಿವಾದ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, 1980ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಅವರ ಪರವಾಗಿ ತೀರ್ಪು ಬಂತು. ಕಾನೂನಿನ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಆದರೆ ಆ ಬ್ಯಾಕ್ಟೀರಿಯಾವನ್ನು ತೆರೆದ ಸಮುದ್ರದ ಎಣ್ಣೆಯ ಮೇಲೆ ಬಿಡಲೇ ಇಲ್ಲ.

ಹಾಗಾದರೆ ಪುಡಿ ವ್ಯರ್ಥವೇ? ಅಲ್ಲ. ಅದರ ಜಾಗ ಬೇರೆ. ನಮ್ಮ ಮಾಹುಲ್‌ನಲ್ಲಿ ಇರುವಂಥ ತೈಲ ಸಂಸ್ಕರಣಾಗಾರಗಳ ಟ್ಯಾಂಕುಗಳ ತಳದಲ್ಲಿ ಕಪ್ಪು ಜಿಡ್ಡಿನ ಕೆಸರು ಸೇರುತ್ತದೆ. ಅದರಲ್ಲಿ ಎಣ್ಣೆಯ ಪಾಲು ಬಹಳ ಹೆಚ್ಚು, ಜೀವ ಬಹಳ ಕಡಿಮೆ. ಅಂಥ ಕೆಸರನ್ನು ಪ್ಲಾಸ್ಟಿಕ್ ಹಾಳೆ ಹಾಸಿ ಭದ್ರಪಡಿಸಿದ ತಗ್ಗು ಹೊಲದಂಥ ಜಾಗದಲ್ಲಿ ಮಣ್ಣಿನ ಜೊತೆ ಬೆರೆಸಿ ಹರಡುತ್ತಾರೆ. ಬ್ಯಾಕ್ಟೀರಿಯಾ ಮತ್ತು ಪೋಷಕಾಂಶ ಹಾಕಿ, ತೇವ ಕಾಯ್ದುಕೊಂಡು, ಟ್ರ್ಯಾಕ್ಟರಿನಿಂದ ಆಗಾಗ ಉಳುತ್ತಾರೆ. ಉಳುವುದು ಗಾಳಿಗಾಗಿ. ಅಲ್ಲಿ ಅಲೆಯಿಲ್ಲ, ಹಾಕಿದ್ದು ಕೊಚ್ಚಿಹೋಗುವುದಿಲ್ಲ, ತಿಂಗಳುಗಟ್ಟಲೆ ಸಮಯವಿದೆ. ಅಲ್ಲಿ ಬ್ಯಾಕ್ಟೀರಿಯಾ ತಂದು ಬಿಡುವುದಕ್ಕೆ ಅರ್ಥವಿದೆ. ಆದರೆ ಅದೇ ಕೆಸರಿನಲ್ಲಿ ಸೀಸ, ನಿಕಲ್, ವನೇಡಿಯಂ ಇದ್ದರೆ ಅವು ಕೊನೆಗೂ ಮಣ್ಣಿನಲ್ಲೇ ಉಳಿಯುತ್ತವೆ. ಲೋಹ ಮೂಲವಸ್ತು, ಅದನ್ನು ಯಾವ ಜೀವಿಯೂ ಒಡೆದು ಇಲ್ಲವಾಗಿಸಲಾರದು. ಎಣ್ಣೆ ಕಡಿಮೆಯಾಯಿತೆಂದು ಆ ಮಣ್ಣನ್ನು ತೋಟಕ್ಕೆ ಹಾಕಬಾರದು.

ಕಾಂಡ್ಲಾ ಕಾಡಿನ ವಿಷಯಕ್ಕೆ ಬರುತ್ತೇನೆ, ನನಗೆ ಅತಿ ಹೆಚ್ಚು ಚಿಂತೆ ಅದರದ್ದೇ. ಇಲ್ಲಿನ ಖಾಡಿಗಳಲ್ಲಿ ಹೆಚ್ಚಾಗಿ ಕಾಣುವ ಅವಿಸೀನಿಯಾ ಮರದ ಬುಡದ ಸುತ್ತ ಕೆಸರಿನಿಂದ ಪೆನ್ಸಿಲಿನಷ್ಟು ದಪ್ಪದ ಬೇರುಗಳು ನೆಟ್ಟಗೆ ಮೇಲೆದ್ದಿರುವುದನ್ನು ನೀವು ನೋಡಿರುತ್ತೀರಿ. ಅವು ಉಸಿರಾಟದ ಬೇರುಗಳು. ಅವುಗಳ ಮೈಮೇಲಿನ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ. ಎಣ್ಣೆ ಅದಕ್ಕೆ ಬಳಿದುಕೊಂಡರೆ ರಂಧ್ರ ಮುಚ್ಚಿ ಮರ ಉಸಿರು ಕಟ್ಟಿ ಸಾಯುತ್ತದೆ. ಕೆಸರಿನಲ್ಲಿ ಕೆಲವು ಮಿಲಿಮೀಟರ್ ಕೆಳಗೆ ಹೋದರೆ ಆಮ್ಲಜನಕವೇ ಇಲ್ಲ, ಆದ್ದರಿಂದಲೇ ಅದು ಕಪ್ಪಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಲ್ಲಿಗೆ ಇಳಿದ ಎಣ್ಣೆಯನ್ನು ಪುಡಿಯಿಂದಲೂ ಗೊಬ್ಬರದಿಂದಲೂ ತೆಗೆಯಲಾಗುವುದಿಲ್ಲ. ಗಾಳಿಗಾಗಿ ಉಳುವಂತೆಯೂ ಇಲ್ಲ, ಉತ್ತರೆ ಬೇರು ಕಡಿದುಹೋಗುತ್ತದೆ. ಶುಚಿಮಾಡಲು ಬಂದವರ ಬೂಟುಕಾಲು ಕೂಡ ಮೇಲಿನ ಎಣ್ಣೆಯನ್ನು ಕೆಸರಿನ ಆಳಕ್ಕೆ ತುಳಿದು ಸೇರಿಸುತ್ತದೆ. ಅಲ್ಲಿ ಮಾಡಬೇಕಾದದ್ದು ಎಣ್ಣೆ ಒಳಗೆ ಬರದಂತೆ ಖಾಡಿಯ ಬಾಯಲ್ಲೇ ತಡೆಯುವುದು. ಬಂದರೆ, ದೋಣಿಯಿಂದ ಕಡಿಮೆ ಒತ್ತಡದ ಸಮುದ್ರದ ನೀರು ಹಾಯಿಸಿ, ಇಳಿತದ ಜೊತೆ ಹೊರಗೆ ತಂದು, ಹೀರುವ ಬಟ್ಟೆಯಲ್ಲಿ ಹಿಡಿಯುವುದು. ಆಮೇಲೆ ಏಡಿಗಳಿಗೆ ಬಿಟ್ಟುಕೊಡುವುದು. ಅವು ತೋಡುವ ಬಿಲಗಳಿಂದಲೇ ಕೆಸರಿಗೆ ಅಷ್ಟಿಷ್ಟು ಗಾಳಿ ಇಳಿಯುತ್ತದೆ.

ಚಿತ್ರಾದಿಂದ ಸೋರಿದಂಥ ಹಡಗಿನ ಇಂಧನ ಭಾರವಾದದ್ದು. ಅದರಲ್ಲಿ ಬ್ಯಾಕ್ಟೀರಿಯಾಗಳಿಗೆ ಇಷ್ಟವಾದ ನೇರ ಸರಪಳಿಗಳು ಕಚ್ಚಾ ತೈಲಕ್ಕಿಂತ ಕಡಿಮೆ, ಅಸ್ಫಾಲ್ಟೀನ್ ಎಂಬ ದೊಡ್ಡ ಗಟ್ಟಿ ಅಣುಗಳು ಹೆಚ್ಚು. ಎಲ್ಲವೂ ಸರಿಯಾಗಿ ನಡೆದರೂ ಕೊನೆಗೆ ಡಾಂಬರಿನಂಥ ಒಂದು ಶೇಷ ಉಳಿಯುತ್ತದೆ. ಆದ್ದರಿಂದ ದಪ್ಪನಾಗಿ ನಿಂತ ಎಣ್ಣೆಯನ್ನು ಮೊದಲು ಸಲಿಕೆ, ಬಕೆಟ್ ಹಿಡಿದು ಕೈಯಿಂದಲೇ ತೆಗೆಯಬೇಕು. ಬ್ಯಾಕ್ಟೀರಿಯಾಗಳ ಸರದಿ ಬರುವುದು ಮರಳಿನ ಕಣಗಳಿಗೆ ತೆಳ್ಳಗೆ ಅಂಟಿಕೊಂಡ ಎಣ್ಣೆ ಮಾತ್ರ ಉಳಿದಾಗ.

ಉಪನ್ಯಾಸ ಮುಗಿದ ಮೇಲೆ ವಾಶಿಯಲ್ಲಿ ಹೋಟೆಲು ನಡೆಸುವ ಹಿರಿಯರೊಬ್ಬರು, "ಸ್ವಾಮಿ, ನಮ್ಮ ಅಡುಗೆಮನೆಯ ಮೋರಿಗೆ ಇಂಥದ್ದೇ ಪುಡಿ ಹಾಕಿ ಅಂತ ಮಾರಲು ಬರುತ್ತಾರೆ, ಹಾಕಬಹುದೇ?" ಎಂದು ಕೇಳಿದರು. ಅಡುಗೆ ಎಣ್ಣೆ ಬೇರೆ, ಖನಿಜ ತೈಲ ಬೇರೆ. ಅಡುಗೆ ಎಣ್ಣೆಯನ್ನು ಒಡೆಯುವುದು ಬ್ಯಾಕ್ಟೀರಿಯಾಗಳಿಗೆ ಬಹಳ ಸುಲಭ. ಆದರೆ ಬಿಸಿನೀರು, ಬ್ಲೀಚಿಂಗ್ ಪುಡಿ, ಪಾತ್ರೆ ತೊಳೆಯುವ ದ್ರಾವಣ ದಿನವಿಡೀ ಹರಿಯುವ ಮೋರಿಯಲ್ಲಿ ಅವು ನೆಲೆಯೂರುವುದು ಕಷ್ಟ. ಹಾಕುವುದಾದರೆ ರಾತ್ರಿ ಅಡುಗೆಮನೆ ಮುಚ್ಚಿದ ಮೇಲೆ ಹಾಕಿ, ಬ್ಲೀಚಿಂಗ್ ಪುಡಿಯನ್ನು ಆ ಮೋರಿಗೆ ಬಿಡಬೇಡಿ. ಜಿಡ್ಡು ಹಿಡಿಯುವ ತೊಟ್ಟಿಯನ್ನು ಕೈಯಿಂದ ತೆಗೆಸುವುದನ್ನಂತೂ ನಿಲ್ಲಿಸಬೇಡಿ ಎಂದೆ.

ಮಡಗಾಂವ್‌ನಿಂದ ಬಂದಿದ್ದ ಒಬ್ಬ ಶಿಕ್ಷಕಿ, ಪ್ರತಿ ವರ್ಷ ಮಳೆಗಾಲದ ಮುಂಚೆ ಗೋವಾದ ಕೊಲ್ವಾ, ಬೆನೊಲಿಂ ದಡಕ್ಕೆ ಬರುವ ಡಾಂಬರು ಉಂಡೆಗಳನ್ನು ಬ್ಯಾಕ್ಟೀರಿಯಾ ಯಾಕೆ ತಿನ್ನುವುದಿಲ್ಲ ಎಂದು ಕೇಳಿದರು. ತಿನ್ನುತ್ತವೆ, ಆದರೆ ಹೊರಮೈಯನ್ನು ಮಾತ್ರ. ಉಂಡೆ ಕಡಲಿನಲ್ಲಿ ತೇಲುತ್ತಿರುವಾಗಲೇ ಹಗುರ ಅಂಶ ಆವಿಯಾಗಿ, ಸುಲಭವಾದದ್ದನ್ನು ಬ್ಯಾಕ್ಟೀರಿಯಾ ತಿಂದು ಆಗಿರುತ್ತದೆ. ಉಳಿದ ಗಟ್ಟಿ ಸಿಪ್ಪೆಯ ಒಳಗೆ ನೀರೂ ಹೋಗುವುದಿಲ್ಲ, ಆಮ್ಲಜನಕವೂ ಹೋಗುವುದಿಲ್ಲ. ಅದಕ್ಕೆ ಪುಡಿಯನ್ನಾಗಲಿ ಗೊಬ್ಬರವನ್ನಾಗಲಿ ಹಾಕಿ ಪ್ರಯೋಜನವಿಲ್ಲ. ಅಲೆಗಳು ಮರಳು ತಂದು ಮುಚ್ಚುವ ಮೊದಲು, ಮಕ್ಕಳ ಬರಿಗೈಗೆ ಕೊಡದೆ, ಕೈಗವಸು ಹಾಕಿದವರಿಂದ ಆರಿಸಿ ಚೀಲಕ್ಕೆ ತುಂಬಿಸುವುದೇ ದಾರಿ.